ಬಿಪಿ ಮಾತ್ರೆಗೂ ಒಸಡಿಗೂ ಏನು ನಂಟು?

ಮೇಷ್ಟ್ರು ನನ್ನ ಕ್ಲಿನಿಕ್ಕಿಗೆ ಬಂದದ್ದು ಹಲ್ಲುನೋವಿಗಲ್ಲ, ಗಮಕಕ್ಕೆ ಬಂದ ತೊಂದರೆಗೆ. ನಿವೃತ್ತಿಯಾದ ಮೇಲೆ ಊರಿನ ದೇವಸ್ಥಾನದಲ್ಲಿ ವಾರಕ್ಕೊಮ್ಮೆ ಕುಮಾರವ್ಯಾಸ ಭಾರತ ವಾಚನ ಮಾಡುತ್ತಾರೆ. "ಡಾಕ್ಟ್ರೇ, ಈಚೆಗೆ ‘ಸ’ ಅಂದ್ರೆ ಶಿಳ್ಳೆ ಹೊಡೆದ ಹಾಗೆ ಬರುತ್ತೆ. ಮುಂದೆ ಕೂತವರು ನಗ್ತಾರೆ" ಎಂದರು. ಬಾಯಿ ತೆರೆಸಿ ನೋಡಿದರೆ ಮೇಲಿನ ಮುಂಬಲ್ಲುಗಳು ಒಂದರಿಂದೊಂದು ದೂರ ಸರಿದಿದ್ದವು. ನಡುವಿನ ಸಂದಿಗಳಲ್ಲಿ ಒಸಡು ಸಣ್ಣ ಸಣ್ಣ ಉಂಡೆಗಳಾಗಿ ಹೊರಗೆ ಚಾಚಿತ್ತು. ಕೆಳಗಿನ ಮುಂಬಲ್ಲುಗಳಂತೂ ಅರ್ಧಕ್ಕೆ ಅರ್ಧ ಮುಚ್ಚಿಹೋಗಿದ್ದವು.

(ಮೇಷ್ಟ್ರು ಎಂಬ ಒಬ್ಬರೇ ರೋಗಿ ಇಲ್ಲ. ಒಂದೇ ತೊಂದರೆ ಹೊತ್ತು ಬಂದ ಮೂರ್ನಾಲ್ಕು ಜನರ ಕಥೆಯನ್ನು ಗುರುತು ಸಿಗದಂತೆ ಒಬ್ಬರ ಮೇಲೆ ಹೊರಿಸಿದ್ದೇನೆ.)

ಆರು ತಿಂಗಳಿಂದ ಅವರು ಸುಮ್ಮನೇನೂ ಕೂತಿರಲಿಲ್ಲ. ಉಪ್ಪುನೀರು ಮುಕ್ಕಳಿಸಿದ್ದರು, ಲವಂಗದ ಎಣ್ಣೆ ಹಚ್ಚಿದ್ದರು, ಮೂರು ಬಗೆಯ ಪೇಸ್ಟ್ ಬದಲಿಸಿದ್ದರು. ಬ್ರಷ್ ಮಾಡಿದರೆ ರಕ್ತ ಬರುತ್ತದೆಂದು ಕೊನೆಗೆ ಬ್ರಷ್ ಬಿಟ್ಟು ಬೆರಳಿನಲ್ಲಿ ಉಜ್ಜತೊಡಗಿದ್ದರು. ಯಾವುದಾದರೂ ಮಾತ್ರೆ ತಗೋತೀರಾ ಎಂದು ಕೇಳಿದೆ. "ಇಲ್ಲ" ಎಂದರು. ಬಿಪಿಗೆ? "ಅದಾ, ಅದು ದಿನಾ ಇದ್ದದ್ದೇ" ಎಂದರು. ನಮ್ಮಲ್ಲಿ ಬಿಪಿ ಮಾತ್ರೆಯನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬೆಳಗಿನ ಕಾಫಿಯ ಜೊತೆಗಾರ, ಅಷ್ಟೆ. ಅವರ ಮಗಳು ಚೀಲದಿಂದ ಸ್ಟ್ರಿಪ್ ತೆಗೆದು ಕೊಟ್ಟಳು. ಅಮ್ಲೋಡಿಪಿನ್. ನಾಲ್ಕು ವರ್ಷ 5 ಮಿಲಿಗ್ರಾಂ ನಡೆದಿತ್ತು, ಹತ್ತು ತಿಂಗಳ ಹಿಂದೆ 10 ಆಗಿತ್ತು. ಒಸಡು ಬೆಳೆಯತೊಡಗಿದ್ದು ಅದಾದ ಎರಡು ಮೂರು ತಿಂಗಳಿಗೆ.

ಒಸಡನ್ನು ಹೀಗೆ ಬೆಳೆಸುವ ಔಷಧಿಗಳು ಮುಖ್ಯವಾಗಿ ಮೂರು ಗುಂಪಿನವು. ಮೊದಲು ಸಿಕ್ಕಿಬಿದ್ದದ್ದು ಫಿಟ್ಸ್‌ಗೆ ಕೊಡುವ ಫೆನಿಟೋಯಿನ್. ಅದು ಬಳಕೆಗೆ ಬಂದದ್ದು 1938ರಲ್ಲಿ. ಮರುವರ್ಷವೇ ಒಸಡಿನ ದೂರು ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿತು. ಎಂಬತ್ತರ ದಶಕದಲ್ಲಿ ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೊರಿನ್ ಸೇರಿಕೊಂಡಿತು. ಅದರ ಹಿಂದೆಯೇ ಬಿಪಿಗೆ ಮತ್ತು ಎದೆನೋವಿಗೆ ಕೊಡುವ ನಿಫೆಡಿಪಿನ್ ಬಂತು. ಅಮ್ಲೋಡಿಪಿನ್ ನಿಫೆಡಿಪಿನ್ನಿನ ತಮ್ಮನಿದ್ದ ಹಾಗೆ, ಆದರೆ ಅಣ್ಣನಿಗಿಂತ ಸಾಧು. ಫೆನಿಟೋಯಿನ್ ನುಂಗುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಸಡು ಬೆಳೆಯುತ್ತದೆ, ಸೈಕ್ಲೋಸ್ಪೊರಿನ್‌ನಲ್ಲಿ ಕಾಲು ಭಾಗಕ್ಕೆ. ಅಮ್ಲೋಡಿಪಿನ್‌ನಲ್ಲಿ ನೂರಕ್ಕೆ ಎರಡೋ ಮೂರೋ. ಅಷ್ಟೇ ತಾನೆ ಎನ್ನಬೇಡಿ. ಈ ಮಾತ್ರೆ ನಮ್ಮ ಬೀದಿಯ ಪ್ರತಿ ಮೂರನೇ ಮನೆಯಲ್ಲಿದೆ. ನೂರಕ್ಕೆ ಎರಡು ಎಂದರೂ ಒಂದು ತಾಲ್ಲೂಕಿನಲ್ಲಿ ಬಹಳ ಬಾಯಿಗಳಾದವು.

ಮಿದುಳು, ರಕ್ತನಾಳ, ಕಸಿ ಮಾಡಿದ ಕಿಡ್ನಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಕೆಲಸಗಳ ಔಷಧಿಗಳು ಒಸಡಿನಲ್ಲಿ ಬಂದು ಸಂಧಿಸುವುದು ಹೇಗೆ? ಒಸಡಿಗೆ ಗಟ್ಟಿತನ ಕೊಡುವುದು ಕೊಲಾಜೆನ್ ಎಂಬ ನಾರು. ಈ ನಾರನ್ನು ಹೆಣೆಯುವ ಜೀವಕೋಶಗಳೇ ಹಳೆಯದನ್ನು ಬಿಚ್ಚಿ ಕರಗಿಸುತ್ತವೆ. ಹೆಣೆಯುವುದು, ಬಿಚ್ಚುವುದು ಎರಡೂ ಒಂದೇ ವೇಗದಲ್ಲಿ ನಡೆಯುತ್ತಿರುವುದರಿಂದ ಒಸಡು ಇದ್ದಷ್ಟೇ ಇರುತ್ತದೆ. ಬಿಚ್ಚುವ ಕೆಲಸಕ್ಕೆ ಬೇಕಾದ ಕಿಣ್ವ ಚುರುಕಾಗಲು ಕೋಶದೊಳಗೆ ಕ್ಯಾಲ್ಸಿಯಂ ಬರಬೇಕು, ಫೋಲಿಕ್ ಆಮ್ಲವೂ ಬರಬೇಕು. ಈ ಮೂರೂ ಔಷಧಿಗಳು ಬೇರೆ ಬೇರೆ ದಾರಿಯಿಂದ ಬಂದರೂ ಕೋಶದ ಕ್ಯಾಲ್ಸಿಯಂ ವ್ಯವಹಾರಕ್ಕೆ ಕೈ ಹಾಕುತ್ತವೆ ಎಂಬುದು ಈಗ ಹೆಚ್ಚು ಜನ ಒಪ್ಪಿರುವ ವಿವರಣೆ. ಹೆಣೆಯುವವರು ದಿನಾ ಕೆಲಸಕ್ಕೆ ಬರುತ್ತಾರೆ, ಬಿಚ್ಚುವವರು ರಜೆ ಹಾಕಿದ್ದಾರೆ. ನಾರು ಗುಡ್ಡೆಯಾಗುತ್ತದೆ. ಆದ್ದರಿಂದಲೇ ಇದು ಸಾಮಾನ್ಯ ಬಾವಿನಂತೆ ಮೆತ್ತಗೆ, ಕೆಂಪಗೆ, ನೋವಿನಿಂದ ಶುರುವಾಗುವುದಿಲ್ಲ. ಹಲ್ಲಿನ ಸಂದಿಯ ತ್ರಿಕೋನದಲ್ಲಿ ಗಟ್ಟಿಯಾದ, ತಿಳಿಗುಲಾಬಿ ಬಣ್ಣದ, ನೋವಿಲ್ಲದ ಮಣಿಯಾಗಿ ಮೊದಲು ಕಾಣುತ್ತದೆ. ಹೆಚ್ಚಾಗಿ ಮುಂಬಲ್ಲುಗಳಲ್ಲೇ, ಔಷಧಿ ಶುರುವಾದ ಅಥವಾ ಅದರ ಪ್ರಮಾಣ ಏರಿದ ಒಂದರಿಂದ ಮೂರು ತಿಂಗಳೊಳಗೆ.

ಹಾಗಾದರೆ ಅದೇ ಮಾತ್ರೆ ನುಂಗುವ ಮೇಷ್ಟ್ರ ಹೆಂಡತಿಯ ಒಸಡು ಯಾಕೆ ನೆಟ್ಟಗಿದೆ? ಒಂದು ಕಾರಣ ಹುಟ್ಟಿನಿಂದ ಬಂದದ್ದು. ಕೆಲವರ ಒಸಡಿನ ಕೋಶಗಳು ಈ ಔಷಧಿಗಳಿಗೆ ಬೇಗ ಮಣಿಯುತ್ತವೆ. ಅದಕ್ಕೆ ನಾವು ಮಾಡುವಂಥದ್ದೇನಿಲ್ಲ. ಇನ್ನೊಂದು ಕಾರಣ ನಮ್ಮ ಕೈಯಲ್ಲಿದೆ, ಅದು ಹಲ್ಲಿನ ಬುಡದಲ್ಲಿ ಕೂರುವ ಪಾಚಿ. ದಂತವೈದ್ಯರು ಪ್ಲಾಕ್ ಎನ್ನುವುದು ಇದನ್ನೇ. ಪಾಚಿ ಇದ್ದಲ್ಲಿ ಒಸಡು ಸದಾ ಸಣ್ಣಗೆ ಉರಿಯುತ್ತಿರುತ್ತದೆ, ಉರಿಯುವ ಒಸಡಿಗೆ ರಕ್ತ ಹೆಚ್ಚು ಹರಿಯುತ್ತದೆ, ರಕ್ತದ ಜೊತೆ ಔಷಧಿಯೂ ಹೆಚ್ಚು ಬರುತ್ತದೆ. ಹಲ್ಲೇ ಇಲ್ಲದ ಬೋಳು ದವಡೆಯಲ್ಲಿ ಈ ಬೆಳವಣಿಗೆ ಕಾಣುವುದು ತೀರ ಅಪರೂಪ. ಮಾತ್ರೆ ಮೈಗೆಲ್ಲ ಹೋಗುತ್ತದೆ, ಆದರೆ ಒಸಡು ಬೆಳೆಯುವುದು ಹಲ್ಲಿನ ಸುತ್ತ ಮಾತ್ರ. ಮಾತ್ರೆ ಬೀಜ ಹಾಕಿದರೆ ಪಾಚಿ ನೀರೆರೆಯುತ್ತದೆ ಎಂದು ನಾನು ರೋಗಿಗಳಿಗೆ ಹೇಳುವುದು ಇದಕ್ಕೇ.

ಇಲ್ಲಿ ಒಂದು ವಿಷವರ್ತುಲವಿದೆ. ಒಸಡು ಬೆಳೆದರೆ ಹಲ್ಲಿನ ಸಂದಿಗೆ ಬ್ರಷ್ ಇಳಿಯುವುದಿಲ್ಲ. ಬ್ರಷ್ ಇಳಿಯದಿದ್ದರೆ ಪಾಚಿ ಕೂರುತ್ತದೆ, ಗಟ್ಟಿಯಾಗಿ ಕಿಟ್ಟವಾಗುತ್ತದೆ. ಉರಿ ಹೆಚ್ಚಿ ಒಸಡು ಇನ್ನಷ್ಟು ಬೆಳೆಯುತ್ತದೆ. ತಿಳಿಗುಲಾಬಿ ಇದ್ದದ್ದು ಕೆಂಪಾಗುತ್ತದೆ, ಮುಟ್ಟಿದರೆ ರಕ್ತ, ಬಾಯಿ ವಾಸನೆ. ರಕ್ತ ಬರುತ್ತದೆಂದು ಬ್ರಷ್ ಬಿಟ್ಟ ಮೇಷ್ಟ್ರು ಈ ವರ್ತುಲಕ್ಕೆ ತಾವೇ ಇನ್ನೊಂದು ಸುತ್ತು ಕೊಟ್ಟಿದ್ದರು.

ಮಾತ್ರೆಯ ಹೆಸರು ಸಿಕ್ಕಿತೆಂದು ಅಲ್ಲಿಗೇ ತೀರ್ಮಾನಕ್ಕೆ ಬರುವಂತಿಲ್ಲ. ಒಸಡು ಬೆಳೆಯಲು ಬೇರೆ ಕಾರಣಗಳೂ ಇವೆ, ಅವುಗಳಲ್ಲಿ ಒಂದನ್ನು ಕಡೆಗಣಿಸಿದರೆ ಜೀವಕ್ಕೇ ಕುತ್ತು. ರಕ್ತ ಕ್ಯಾನ್ಸರಿನ ಕೆಲವು ಬಗೆಗಳು ಮೊದಲು ತಲೆಯೆತ್ತುವುದೇ ಒಸಡಿನಲ್ಲಿ. ಅದು ವಾರಗಳಲ್ಲಿ ಬೆಳೆಯುತ್ತದೆ, ಮೆತ್ತಗೆ ಊದಿ ನೀಲಿಗೆಂಪಾಗಿರುತ್ತದೆ, ತಾನಾಗಿಯೇ ರಕ್ತ ಒಸರುತ್ತದೆ. ಜೊತೆಗೆ ಸುಸ್ತು, ಜ್ವರ, ಮೈಮೇಲೆ ಕಾರಣವಿಲ್ಲದ ಕಲೆಗಳು. ಆದ್ದರಿಂದ ಮೇಷ್ಟ್ರಿಗೆ ಮೊದಲು ಬರೆದುಕೊಟ್ಟದ್ದು ರಕ್ತಕಣಗಳ ಎಣಿಕೆ ಮತ್ತು ಮೂರು ತಿಂಗಳ ಸಕ್ಕರೆಯ ಪರೀಕ್ಷೆ. ಎರಡೂ ಸರಿಯಿದ್ದವು. ಮಿಲಿಮೀಟರ್ ಗುರುತಿರುವ ತೆಳು ಕಡ್ಡಿಯನ್ನು ಹಲ್ಲು ಮತ್ತು ಒಸಡಿನ ನಡುವೆ ಇಳಿಸಿ ಅಳೆದೆ. ಆರೋಗ್ಯದ ಒಸಡಿನಲ್ಲಿ ಅದು ಒಂದರಿಂದ ಮೂರು ಮಿಲಿಮೀಟರ್ ಇಳಿಯುತ್ತದೆ. ಇವರಲ್ಲಿ ಐದು, ಆರು ಇಳಿಯಿತು. ಆದರೆ ಎಕ್ಸ್‌ರೇಯಲ್ಲಿ ಮೂಳೆ ಇದ್ದ ಜಾಗದಲ್ಲೇ ಇತ್ತು. ಎಂದರೆ ಒಸಡಿನ ಅಂಚು ಮೇಲೇರಿ ಆಳ ಹೆಚ್ಚಿದಂತೆ ಕಂಡಿದೆಯೇ ಹೊರತು ಹಲ್ಲಿನ ಬುಡ ಸಡಿಲವಾಗಿಲ್ಲ. ಇದು ಒಳ್ಳೆಯ ಸುದ್ದಿ.

"ಹಾಗಾದ್ರೆ ನಾಳೆಯಿಂದ ಮಾತ್ರೆ ನಿಲ್ಲಿಸಿಬಿಡ್ತೀನಿ" ಎಂದರು ಮೇಷ್ಟ್ರು. ಬಹುತೇಕ ಎಲ್ಲರೂ ಹೇಳುವ ಮಾತಿದು. ಈ ಲೇಖನ ಓದಿದವರೂ ಹಾಗೆ ಮಾಡಿಯಾರೆಂಬ ಭಯ ನನಗಿದೆ. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಿದರೆ ಒತ್ತಡ ಸದ್ದಿಲ್ಲದೆ ಏರಿ ಪಾರ್ಶ್ವವಾಯು ಬಡಿಯಬಹುದು. ಫಿಟ್ಸ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಬಿಡದೆ ಬರುವ ಫಿಟ್ಸ್ ಆಗಿ ಪ್ರಾಣಕ್ಕೇ ಸಂಚಕಾರ. ಕಸಿಯ ಮಾತ್ರೆ ತಪ್ಪಿದರೆ ದೇಹ ಹೊಸ ಕಿಡ್ನಿಯನ್ನು ಹೊರಗಿನದೆಂದು ತಿರಸ್ಕರಿಸುತ್ತದೆ. ಒಸಡಿನ ಸಲುವಾಗಿ ತೆರುವ ಬೆಲೆಯಲ್ಲ ಇವು. ಮಾತ್ರೆ ಬದಲಿಸುವ ಅಧಿಕಾರ ದಂತವೈದ್ಯರಿಗೂ ಇಲ್ಲ. ನಾನು ಮಾಡಿದ್ದು ಅವರ ಬಿಪಿ ನೋಡುವ ವೈದ್ಯರಿಗೆ ಒಂದು ಪತ್ರ ಬರೆದದ್ದು. ಒಸಡಿನ ಸ್ಥಿತಿ ಹೀಗಿದೆ, ಫೋಟೊ ಲಗತ್ತಿಸಿದೆ, ಅಮ್ಲೋಡಿಪಿನ್ ಕಾರಣವಿರಬಹುದು, ಬೇರೆ ಗುಂಪಿನ ಮಾತ್ರೆ ಸಾಧ್ಯವೇ ನೋಡಿ. ಇಷ್ಟೇ.

ಬಿಪಿಯ ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು, ಬದಲಿ ಔಷಧಿಗಳಿಗೆ ಬರವಿಲ್ಲ. ಮೇಷ್ಟ್ರಿಗೆ ಅವರ ವೈದ್ಯರು ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಶುರು ಮಾಡಿದರು. ಎರಡು ವಾರ ಮನೆಯಲ್ಲೇ ಬೆಳಿಗ್ಗೆ ಸಂಜೆ ಬಿಪಿ ಬರೆದಿಡಿಸಿ, ಸಾಲದೆಂದು ಕ್ಲೋರ್ಥಾಲಿಡೋನ್ ಸೇರಿಸಿದರು. ಈ ಮಾತ್ರೆಗಳಿಗೆ ಕಿಡ್ನಿ ಮತ್ತು ರಕ್ತದ ಪೊಟ್ಯಾಸಿಯಂ ಮೇಲೆ ಒಂದು ಕಣ್ಣಿಡಬೇಕು, ಅದಕ್ಕೂ ಪರೀಕ್ಷೆ ಆಯಿತು. ಎಲ್ಲರಿಗೂ ಇದೇ ಹೊಂದುತ್ತದೆ ಎಂದಲ್ಲ. ಗರ್ಭಿಣಿಯರಿಗೆ ಟೆಲ್ಮಿಸಾರ್ಟನ್ ಸಲ್ಲದು.

ಬದಲಾವಣೆಯಲ್ಲಿ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು, ಅದೇ ಗುಂಪಿನ ಇನ್ನೊಂದು ಮಾತ್ರೆಗೆ ಹೋಗುವುದು. ಕಾಲು ಊದುತ್ತದೆಂದು ಅಮ್ಲೋಡಿಪಿನ್ ಬಿಡಿಸಿ ಸಿಲ್ನಿಡಿಪಿನ್ ಕೊಡುವುದುಂಟು. ಕಾಲಿಗೆ ಅದು ಸರಿ, ಆದರೆ ಅದೂ ಕ್ಯಾಲ್ಸಿಯಂ ದಾರಿಯನ್ನೇ ಮುಚ್ಚುವ ಔಷಧಿ, ಒಸಡಿನ ಮಟ್ಟಿಗೆ ಅದನ್ನು ನಂಬಿ ಕೂರಲಾಗದು. ಎರಡನೆಯದು, ಅಮ್ಲೋಡಿಪಿನ್ ಬೇರೊಂದು ಹೆಸರಿನೊಳಗೆ ಅಡಗಿ ಕೂತಿರುವುದು. ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳು ನಮ್ಮಲ್ಲಿ ಬಹಳ. ಬ್ರ್ಯಾಂಡ್ ಹೆಸರಿನ ಬಾಲದಲ್ಲಿ ‘ಎಎಂ’ ಎಂದಿದ್ದರೆ ಹೆಚ್ಚಿನ ಸಲ ಒಳಗೆ ಅಮ್ಲೋಡಿಪಿನ್ ಇರುತ್ತದೆ. ಮಾತ್ರೆ ಬದಲಿಸಿದ್ದೇವೆ, ಒಸಡು ಇಳಿದಿಲ್ಲ ಎಂದು ಬಂದವರೊಬ್ಬರ ಹೊಸ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಹಳೆಯ ಔಷಧಿಯೇ ಇತ್ತು. ಸ್ಟ್ರಿಪ್ಪಿನ ಮುಂದಿನ ದೊಡ್ಡ ಹೆಸರು ಕಂಪನಿಯದು, ಹಿಂದಿನ ಸಣ್ಣ ಹೆಸರು ಔಷಧಿಯದು. ಓದಬೇಕಾದದ್ದು ಹಿಂದಿನದು.

ಅತ್ತ ಪತ್ರವ್ಯವಹಾರ ನಡೆಯುವಾಗ ಇತ್ತ ಕ್ಲೀನಿಂಗ್ ಶುರುವಾಯಿತು. ಒಂದೇ ದಿನ ಮುಗಿಸದೆ, ವಾರದ ಅಂತರದಲ್ಲಿ ಎರಡು ಸಲ, ಒಸಡಿನ ಕೆಳಗಿನ ಕಿಟ್ಟವೂ ಹೋಗುವಂತೆ. ಮನೆಗೆ ಮೆತ್ತನೆಯ ಎಳೆಗಳ ಬ್ರಷ್. ಅದನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಅಲುಗಿಸುವುದನ್ನು ಕನ್ನಡಿ ಮುಂದೆ ಕೂರಿಸಿ ತೋರಿಸಿದೆ. ಸಂದಿಗಳಿಗೆ ಬಾಟಲಿ ತೊಳೆಯುವ ಬ್ರಷ್‌ನ ಮರಿಯಂತಿರುವ ಪುಟ್ಟ ಬ್ರಷ್. ರಕ್ತ ಬಂದರೂ ನಿಲ್ಲಿಸಕೂಡದು, ಹತ್ತು ದಿನದಲ್ಲಿ ತಾನೇ ಕಡಿಮೆಯಾಗುತ್ತದೆ ಎಂದು ಹೇಳಿದ್ದೆ, ಹಾಗೆಯೇ ಆಯಿತು. ಎರಡು ವಾರದ ಮಟ್ಟಿಗೆ 0.2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್ ದ್ರಾವಣ, ದಿನಕ್ಕೆರಡು ಸಲ 10 ಮಿಲಿಲೀಟರ್. ಪೇಸ್ಟ್ ಹಚ್ಚಿ ಉಜ್ಜಿದ ಕೂಡಲೇ ಇದನ್ನು ಮುಕ್ಕಳಿಸಿದರೆ ಪೇಸ್ಟಿನ ನೊರೆ ಇದರ ಶಕ್ತಿಯನ್ನು ತಿಂದುಹಾಕುತ್ತದೆ, ಅರ್ಧ ಗಂಟೆ ಬಿಡಬೇಕು. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ, ಕಾಫಿ ಕುಡಿಯುವವರಿಗೆ ಇನ್ನೂ ಬೇಗ.

ಅಮ್ಲೋಡಿಪಿನ್ ದೇಹದಿಂದ ನಿಧಾನಕ್ಕೆ ಹೊರಡುವ ಔಷಧಿ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಪೂರ್ತಿ ಹೋಗಲು ವಾರ ಹತ್ತು ದಿನ. ಒಸಡು ಅದಕ್ಕಿಂತ ನಿಧಾನ, ಗುಡ್ಡೆಯಾದ ನಾರನ್ನು ರಜೆ ಮುಗಿಸಿ ಬಂದವರು ಒಂದೊಂದಾಗಿ ಬಿಚ್ಚಬೇಕಲ್ಲ. ಮೊದಲ ಇಳಿತ ಒಂದರಿಂದ ಎರಡು ತಿಂಗಳಲ್ಲಿ ಕಾಣಿಸುತ್ತದೆ. ಮೇಷ್ಟ್ರಿಗೆ ಆರನೇ ವಾರಕ್ಕೆ ಕೆಂಪು ಹೋಯಿತು, ಮೂರನೇ ತಿಂಗಳಿಗೆ ಹಿಂದಿನ ಹಲ್ಲುಗಳ ಸುತ್ತ ಒಸಡು ಬಹುತೇಕ ತನ್ನ ಜಾಗಕ್ಕೆ ಇಳಿದಿತ್ತು. ಮುಂಬಲ್ಲುಗಳ ನಡುವಿನ ಉಂಡೆಗಳು ಕುಗ್ಗಿದವೇ ಹೊರತು ಹೋಗಲಿಲ್ಲ. ತಿಂಗಳುಗಟ್ಟಲೆ ಗಟ್ಟಿಯಾಗಿ ಕೂತ ನಾರು ಹಾಗೆ ಉಳಿದುಬಿಡುವುದುಂಟು. ಮೇಷ್ಟ್ರಿಗೆ ಆತುರ. ಮೊದಲ ದಿನವೇ "ಕತ್ತರಿಸಿಬಿಡಿ, ಮುಗೀತು" ಎಂದಿದ್ದರು. ನಾನು ಒಪ್ಪಿರಲಿಲ್ಲ. ಮಾತ್ರೆಯೂ ಪಾಚಿಯೂ ಹಾಗೇ ಇರುವಾಗ ಕತ್ತರಿಸಿದ ಒಸಡು ಕೆಲವೇ ತಿಂಗಳಲ್ಲಿ ಮತ್ತೆ ಬೆಳೆದು ನಿಲ್ಲುವುದನ್ನು ಸಾಕಷ್ಟು ಕಂಡಿದ್ದೇನೆ. ಮಾತ್ರೆ ಬದಲಾದ ಮೇಲೆ ಆರು ತಿಂಗಳಾದರೂ ಕಾದು ನೋಡಬೇಕು. ಆಗ ಕತ್ತರಿಸಬೇಕಾದ ಜಾಗವೂ ಕಡಿಮೆ, ರಕ್ತವೂ ಕಡಿಮೆ.

ಆರನೇ ತಿಂಗಳಿಗೆ ಉಳಿದಿದ್ದ ಭಾಗಕ್ಕೆ ಶಸ್ತ್ರಚಿಕಿತ್ಸೆ ಮಾಡಿದೆವು. ಜಾಗ ಮರಗಟ್ಟಿಸಿ, ಪ್ರತಿ ಹಲ್ಲಿನ ಬಳಿ ಆಳ ಅಳೆದು, ಅಷ್ಟೇ ಆಳಕ್ಕೆ ಹೊರಗಿನಿಂದ ಚುಕ್ಕೆಯಾಗಿ ಗುರುತು ಹಾಕುತ್ತೇವೆ. ಆ ಚುಕ್ಕೆಗಳ ಕೆಳಗಿನಿಂದ ಬ್ಲೇಡನ್ನು ಓರೆಯಾಗಿ ಹಲ್ಲಿನ ಕಡೆಗೆ ಒಯ್ದು ಹೆಚ್ಚಿನ ಒಸಡನ್ನು ತೆಗೆಯುತ್ತೇವೆ. ನೇರ ಕತ್ತರಿಸಿದರೆ ಗೋಡೆಯಂತೆ ದಪ್ಪ ಅಂಚು ಉಳಿದು ಅಲ್ಲಿ ಮತ್ತೆ ಪಾಚಿ ಕೂರುತ್ತದೆ, ಓರೆ ಬೇಕಾದದ್ದು ಅದಕ್ಕೆ. ತುಂಬ ಹಲ್ಲುಗಳಿಗೆ ಹರಡಿದ್ದರೆ ಅಥವಾ ಮೂಳೆಯೂ ಸವೆದಿದ್ದರೆ ಒಸಡನ್ನು ಪದರವಾಗಿ ಬಿಡಿಸಿ ಒಳಗಿನಿಂದ ತೆಳು ಮಾಡಿ ಹೊಲಿಗೆ ಹಾಕುವುದು ಒಳ್ಳೆಯದು. ಲೇಸರ್‌ನಲ್ಲೂ ಮಾಡಬಹುದು, ರಕ್ತ ಕಡಿಮೆ ಹೋಗುತ್ತದೆ. ಆದರೆ ಲೇಸರ್‌ನಲ್ಲಿ ತೆಗೆದರೆ ಮತ್ತೆ ಬೆಳೆಯುವುದಿಲ್ಲ ಎಂಬ ಜಾಹೀರಾತನ್ನು ನಂಬಬೇಡಿ. ಕಾರಣ ಉಳಿದರೆ ಯಾವುದರಲ್ಲಿ ತೆಗೆದರೂ ಬೆಳೆಯುತ್ತದೆ. ತೆಗೆದ ತುಣುಕನ್ನು ಲ್ಯಾಬಿಗೆ ಕಳಿಸಿದೆವು, ಬರೀ ನಾರು ಎಂದು ವರದಿ ಬಂತು. ಗಾಯಕ್ಕೆ ಗುಲಾಬಿ ಬಣ್ಣದ ಲೇಪ ಮೆತ್ತಿ ಒಂದು ವಾರ ಮೆತ್ತನೆಯ ಅನ್ನ, ರಾಗಿ ಗಂಜಿ. ಆ ವಾರ ವಾಚನ ಇರಲಿಲ್ಲ.

ಇಷ್ಟೆಲ್ಲ ಸುಗಮವಾದದ್ದು ಬಿಪಿ ಮಾತ್ರೆ ಬದಲಿಸಲು ಬಂದದ್ದರಿಂದ. ಫಿಟ್ಸ್ ಇರುವವರಲ್ಲಿ ದಾರಿ ಇಷ್ಟು ನೇರವಿಲ್ಲ. ಅಗ್ಗದ ಫೆನಿಟೋಯಿನ್‌ನಲ್ಲಿ ಐದು ವರ್ಷದಿಂದ ಒಂದೂ ಫಿಟ್ಸ್ ಬಾರದ ಹುಡುಗನ ಮಾತ್ರೆಯನ್ನು ಒಸಡಿಗಾಗಿ ಅಲುಗಿಸಲು ನರರೋಗ ತಜ್ಞರು ಹಿಂಜರಿದರೆ ಅದು ನ್ಯಾಯವೇ. ಲೆವೆಟಿರಾಸೆಟಾಮ್‌ನಂಥ ಬದಲಿಗಳಿವೆ. ಆದರೆ ಹೊಸದನ್ನು ಏರಿಸುತ್ತ ಹಳೆಯದನ್ನು ವಾರಗಟ್ಟಲೆ ಇಳಿಸುತ್ತ ಹೋಗಬೇಕು. ಮಕ್ಕಳಲ್ಲಿ ತಡೆಯುವ ದಾರಿ ಒಂದಿದೆ, ಅದರ ಸಾಕ್ಷ್ಯ ಬಂದದ್ದು ದಿಲ್ಲಿಯ ಏಮ್ಸ್‌ನಿಂದ. 2011ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೊಸದಾಗಿ ಫೆನಿಟೋಯಿನ್ ಶುರು ಮಾಡಿದ 6ರಿಂದ 15 ವರ್ಷದ ಮಕ್ಕಳಲ್ಲಿ ಅರ್ಧ ಜನಕ್ಕೆ ದಿನಕ್ಕೆ 0.5 ಮಿಲಿಗ್ರಾಂ ಫೋಲಿಕ್ ಆಮ್ಲ, ಉಳಿದವರಿಗೆ ಔಷಧಿಯಿಲ್ಲದ ಪೊಳ್ಳು ಮಾತ್ರೆ ಕೊಟ್ಟರು. ಆರು ತಿಂಗಳ ಕೊನೆಗೆ ಪೊಳ್ಳು ಮಾತ್ರೆಯವರಲ್ಲಿ ನೂರಕ್ಕೆ 88 ಮಕ್ಕಳ ಒಸಡು ಬೆಳೆದಿತ್ತು, ಫೋಲಿಕ್ ಆಮ್ಲದವರಲ್ಲಿ 21. ಇದು ಬೆಳೆಯದಂತೆ ತಡೆಯುವ ಮಾತು, ಬೆಳೆದದ್ದನ್ನು ಕರಗಿಸುವುದಲ್ಲ. ಫೋಲಿಕ್ ಆಮ್ಲದ ಪ್ರಮಾಣ ಹೆಚ್ಚಾದರೆ ರಕ್ತದಲ್ಲಿ ಫೆನಿಟೋಯಿನ್ ಇಳಿದು ಫಿಟ್ಸ್ ಮರಳಬಹುದು. ಅಂಗಡಿಯಿಂದ ತಂದು ನೀವೇ ಕೊಡುವಂಥದ್ದಲ್ಲ.

ಕಿಡ್ನಿ ಕಸಿಯಾದವರ ಕಷ್ಟ ಇಮ್ಮಡಿ. ಸೈಕ್ಲೋಸ್ಪೊರಿನ್ ಬಿಪಿಯನ್ನು ಏರಿಸುತ್ತದೆ, ಏರಿದ ಬಿಪಿಗೆ ಅಮ್ಲೋಡಿಪಿನ್ ಕೊಡುತ್ತಾರೆ, ಎರಡೂ ಸೇರಿ ಒಸಡನ್ನು ಒಂಟಿಯಾಗಿ ಮಾಡುವುದಕ್ಕಿಂತ ಹೆಚ್ಚು ಬೆಳೆಸುತ್ತವೆ. ಈಗ ಹೊಸದಾಗಿ ಕಸಿಯಾದವರಿಗೆ ಹೆಚ್ಚಾಗಿ ಟ್ಯಾಕ್ರೊಲಿಮಸ್ ಕೊಡುವುದರಿಂದ ಈ ತೊಂದರೆ ಕಡಿಮೆಯಾಗಿದೆ. ಹಳೆಯ ರೋಗಿಗಳನ್ನೂ ಕಿಡ್ನಿ ತಜ್ಞರು ಅದಕ್ಕೆ ಬದಲಿಸಬಹುದು, ಸಕ್ಕರೆ ಕಾಯಿಲೆ ಮತ್ತು ಕೈನಡುಕದ ಅಪಾಯ ತೂಗಿ ನೋಡಿ. ಬದಲಿಸಲಾಗದಿದ್ದರೆ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಮೂರರಿಂದ ಐದು ದಿನ ಕೊಟ್ಟಾಗ ಸೈಕ್ಲೋಸ್ಪೊರಿನ್ ಬೆಳೆಸಿದ ಒಸಡು ಅನೇಕರಲ್ಲಿ ಸ್ವಲ್ಪ ಇಳಿಯುತ್ತದೆ. ಅದರ ಬಂಧುಗಳಾದ ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್ ಮಾತ್ರ ಇವರಿಗೆ ಕೊಡಬಾರದು. ರಕ್ತದಲ್ಲಿ ಸೈಕ್ಲೋಸ್ಪೊರಿನ್ ಏರಿ ಕಸಿಯ ಕಿಡ್ನಿಗೇ ಪೆಟ್ಟು. ಹಲ್ಲುನೋವಿಗೆಂದು ಅಂಗಡಿಯಲ್ಲಿ ಸಿಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಕೂಡ ಬೇಡ.

ಮೇಷ್ಟ್ರ ‘ಸ’ ಸರಿಹೋಗಿದೆ. ಒಸಡಿನ ಒತ್ತಡ ತಪ್ಪಿದ ಮೇಲೆ ಹಲ್ಲುಗಳ ನಡುವಿನ ಸಂದಿ ತಾನಾಗಿ ಸ್ವಲ್ಪ ಕೂಡಿತು, ಪೂರ್ತಿ ಅಲ್ಲ. ಮೂರು ತಿಂಗಳಿಗೊಮ್ಮೆ ಬಂದು ಕ್ಲೀನಿಂಗ್ ಮಾಡಿಸಿಕೊಂಡು, ಆಳ ಅಳೆಸಿಕೊಂಡು ಹೋಗುತ್ತಾರೆ. ಬರುವಾಗ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿ ತರುತ್ತಾರೆ. ನೀವೂ ಹಲ್ಲಿನ ಡಾಕ್ಟರ ಬಳಿ ಹೋಗುವಾಗ ಆ ಚೀಲ ಒಯ್ಯಿರಿ, ಅವರು ಕೇಳದಿದ್ದರೂ ಮೇಜಿನ ಮೇಲೆ ಇಡಿ.